ಪ್ರ್ಯಾಕ್ಟಿಕಲ್ಸ್‌ಗೆ ಎದೆಯ ಎಕ್ಸ್‌ರೇ ಓದುವುದು ಹೇಗೆ: 14 ದಿನದ ಅಭ್ಯಾಸ

ಫೈನಲ್ ಎಂಬಿಬಿಎಸ್ ಪ್ರ್ಯಾಕ್ಟಿಕಲ್ಸ್ ಹತ್ತಿರ ಬಂತು ಅಂದರೆ ಜೂನಿಯರ್‌ಗಳು ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಯಾವ ಎಕ್ಸ್‌ರೇ ಇಡ್ತಾರೆ? ಅದನ್ನ ಓದೋದು ಹೇಗೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಮ್ಮ ಕಡೆಯ ಮೆಡಿಸಿನ್ ವೈವಾದಲ್ಲಿ ತಿರುಗಿ ತಿರುಗಿ ಬರುವುದು ಹತ್ತು ಹನ್ನೆರಡು ಫಿಲ್ಮ್ ಮಾತ್ರ. ಪ್ಲೂರಲ್ ಎಫ್ಯೂಷನ್, ನ್ಯುಮೋಥೊರಾಕ್ಸ್, ಹೈಡ್ರೋನ್ಯುಮೋಥೊರಾಕ್ಸ್, ಕನ್ಸಾಲಿಡೇಶನ್, ಕೊಲ್ಯಾಪ್ಸ್, ಟಿಬಿಯ ಫೈಬ್ರೋಸಿಸ್ ಮತ್ತು ಕ್ಯಾವಿಟಿ, ಮಿಲಿಯರಿ, ಲಂಗ್ ಆಬ್ಸೆಸ್, ದೊಡ್ಡದಾದ ಹೃದಯ, ಹೀಗೆ. ಸರ್ಜರಿಯವರು ಡಯಾಫ್ರಂ ಕೆಳಗೆ ಗಾಳಿ ಇರುವ ಫಿಲ್ಮ್ ಇಡುತ್ತಾರೆ.

ಎರಡನೆಯ ಪ್ರಶ್ನೆಗೆ ಈ ಲೇಖನ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಣ್ಣು ನೋಡುವ ಕ್ರಮ ಬೇರೆ, ಬಾಯಿ ಹೇಳುವ ಕ್ರಮ ಬೇರೆ. ಹೆಚ್ಚಿನವರು ಎರಡನ್ನೂ ಒಂದೇ ಮಾಡಿಕೊಂಡು ಎಡವುತ್ತಾರೆ. ಎದ್ದು ಕಾಣುವ ಬಿಳಿ ಮಚ್ಚೆ ಕಂಡ ತಕ್ಷಣ ಬಾಯಿ ಬಿಡುತ್ತಾರೆ, ಅಲ್ಲಿಗೆ ಕಣ್ಣು ಹುಡುಕುವುದನ್ನೇ ನಿಲ್ಲಿಸಿಬಿಡುತ್ತದೆ.

ಏನೇನು ಬೇಕು

ದಿನಕ್ಕೆ 40 ನಿಮಿಷ, 14 ದಿನ. ಒಂದು ನೋಟ್‌ಬುಕ್, ಪೆನ್ಸಿಲ್. ಎಕ್ಸಾಮಿನರ್ ಆಗಿ ಕೂರಲು ಒಬ್ಬ ಗೆಳೆಯ ಅಥವಾ ಗೆಳತಿ. ಮತ್ತೆ ಫಿಲ್ಮ್‌ಗಳು. ವಾರ್ಡ್‌ನ ಪಿಜಿಗಳನ್ನು ಕೇಳಿದರೆ ಹಳೆಯ ಟೀಚಿಂಗ್ ಫಿಲ್ಮ್ ಸಿಗುತ್ತವೆ. ಅವರ ಒಪ್ಪಿಗೆ ಇದ್ದರೆ ಮಾತ್ರ ಫೋಟೋ ತೆಗೆಯಿರಿ, ತೆಗೆಯುವಾಗ ರೋಗಿಯ ಹೆಸರು, ನಂಬರ್ ಮುಚ್ಚಿ. ವಯಸ್ಸು ಮತ್ತು ಹೆಣ್ಣೋ ಗಂಡೋ ಅನ್ನುವುದು ಮಾತ್ರ ಬರೆದಿಟ್ಟುಕೊಳ್ಳಿ, ಅದು ಬೇಕಾಗುತ್ತದೆ.

ಒಂದು ಎಚ್ಚರಿಕೆ. ಫೋನ್‌ನಲ್ಲೇ ಎಲ್ಲ ಅಭ್ಯಾಸ ಮಾಡಬೇಡಿ. ಸಣ್ಣ ಪರದೆಯಲ್ಲಿ ನ್ಯುಮೋಥೊರಾಕ್ಸ್‌ನ ತೆಳು ಗೆರೆ ಕಾಣುವುದೇ ಇಲ್ಲ. ವಾರಕ್ಕೆ ಎರಡು ಸಲವಾದರೂ ವ್ಯೂ ಬಾಕ್ಸ್ ಮುಂದೆ, ಅಂದರೆ ಹಿಂದಿನಿಂದ ಬೆಳಕು ಬರುವ ಆ ಪೆಟ್ಟಿಗೆಯ ಮುಂದೆ, ನಿಂತು ನೋಡಿ. ಫಿಲ್ಮ್ ಸಿಕ್ಕಿಸುವುದಕ್ಕೂ ಅಭ್ಯಾಸ ಬೇಕು. ಉಲ್ಟಾ ಸಿಕ್ಕಿಸಿ ಹೃದಯ ಬಲಕ್ಕಿದೆ ಅಂತ ಡೆಕ್ಸ್ಟ್ರೋಕಾರ್ಡಿಯಾ ಹೇಳಿದವರಿದ್ದಾರೆ.

1. ದಿನ 1ರಿಂದ 3: ಬರೀ ನಾರ್ಮಲ್ ಫಿಲ್ಮ್

ಇದನ್ನೇ ಎಲ್ಲರೂ ಬಿಟ್ಟುಬಿಡುವುದು. ರೋಗ ಇರುವ ಫಿಲ್ಮ್ ನೋಡುವ ಆತುರ. ಆದರೆ ನಾರ್ಮಲ್ ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಿಲ್ಲದಿದ್ದರೆ ತಪ್ಪಿರುವುದು ಕಾಣುವುದು ಹೇಗೆ? ದಿನಕ್ಕೆ 10 ನಾರ್ಮಲ್ ಪಿಎ ಫಿಲ್ಮ್ ನೋಡಿ. ಪಿಎ ಅಂದರೆ ಕಿರಣ ಬೆನ್ನಿನಿಂದ ಬಂದು ಎದೆಯ ಮುಂದಿರುವ ಫಿಲ್ಮ್‌ಗೆ ಬೀಳುವುದು. ಎಪಿ ಅದರ ಉಲ್ಟಾ, ಹಾಸಿಗೆ ಬಿಟ್ಟೇಳಲಾಗದ ರೋಗಿಗೆ ತೆಗೆಯುವುದು. ಎಪಿಯಲ್ಲಿ ಹೃದಯ ಫಿಲ್ಮ್‌ನಿಂದ ದೂರ ಇರುವುದರಿಂದ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈ ಮೂರು ದಿನ ಕೆಲವೇ ಸಂಗತಿ ಗಮನಿಸಿ. ಬಲಗಡೆಯ ಡಯಾಫ್ರಂ ಎಡಕ್ಕಿಂತ ಸ್ವಲ್ಪ ಮೇಲಿರುತ್ತದೆ. ಹೈಲಂ, ಅಂದರೆ ರಕ್ತನಾಳಗಳು ಶ್ವಾಸಕೋಶದೊಳಕ್ಕೆ ಹೋಗುವ ಬಾಗಿಲು, ಎಡಗಡೆ ಸ್ವಲ್ಪ ಮೇಲಿರುತ್ತದೆ. ಇವೆರಡೂ ಒಂದಕ್ಕೊಂದು ಉಲ್ಟಾ ಅಂತ ನೆನಪಿಟ್ಟುಕೊಂಡರೆ ಸಾಕು. ಟ್ರೇಕಿಯಾ ನಡುವೆ ಇರುತ್ತದೆ, ಕೆಳಗೆ ಏಯೋರ್ಟಾದ ಹತ್ತಿರ ಬಂದಾಗ ಚೂರೇ ಚೂರು ಬಲಕ್ಕೆ ವಾಲುತ್ತದೆ. ಅದು ರೋಗವಲ್ಲ. ಹೃದಯದ ಅತಿ ಹೆಚ್ಚಿನ ಅಗಲ ಎದೆಗೂಡಿನ ಒಳ ಅಗಲದ ಅರ್ಧಕ್ಕಿಂತ ಜಾಸ್ತಿ ಇರಬಾರದು. ಈ ಲೆಕ್ಕ ಪಿಎ ಫಿಲ್ಮ್‌ಗೆ ಮಾತ್ರ.

ಪ್ರತಿದಿನ ಕೊನೆಗೆ ಫಿಲ್ಮ್ ಮುಚ್ಚಿಟ್ಟು ಒಂದು ಎದೆ ಚಿತ್ರ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಹೃದಯದ ಎಡ ಅಂಚು ಬರೆಯುವಾಗ ಕೈ ನಿಲ್ಲುತ್ತದಲ್ಲ, ಆ ಜಾಗವನ್ನು ನೀವು ನೋಡಿಯೇ ಇಲ್ಲ ಅಂತ ಅರ್ಥ. ಮೇಲಿನಿಂದ ಕೆಳಕ್ಕೆ ಏಯೋರ್ಟಾದ ಗುಬುಟು, ಪಲ್ಮನರಿ ಆರ್ಟರಿ, ಎಡ ಏಟ್ರಿಯಂನ ಅಪೆಂಡೇಜ್, ಎಡ ವೆಂಟ್ರಿಕಲ್. ಮೈಟ್ರಲ್ ಸ್ಟೆನೋಸಿಸ್ ಫಿಲ್ಮ್‌ನಲ್ಲಿ ಪಲ್ಮನರಿ ಆರ್ಟರಿ ಮತ್ತು ಅಪೆಂಡೇಜ್ ಉಬ್ಬಿ ನಡುವಿನ ತಗ್ಗು ತುಂಬಿಹೋಗುತ್ತದೆ, ಅಂಚು ಗೆರೆ ಎಳೆದಂತೆ ನೇರವಾಗುತ್ತದೆ. ನಾರ್ಮಲ್‌ನಲ್ಲಿ ಆ ತಗ್ಗನ್ನು ನೋಡಿಟ್ಟುಕೊಂಡವರಿಗೆ ಮಾತ್ರ ಇದು ಹೊಳೆಯುತ್ತದೆ.

2. ದಿನ 4 ಮತ್ತು 5: ಫಿಲ್ಮ್ ನಂಬಬಹುದಾ?

ಫಿಲ್ಮ್ ಸರಿಯಾಗಿ ತೆಗೆದಿದ್ದಾರಾ ಅಂತ ಮೂರು ಪರೀಕ್ಷೆ. ಇದನ್ನು ಮಂತ್ರದ ಹಾಗೆ ಒಪ್ಪಿಸಬೇಡಿ, ಯಾವುದು ತಪ್ಪಿದರೆ ಯಾವ ಸುಳ್ಳು ಹುಟ್ಟುತ್ತದೆ ಅಂತ ತಿಳಿದುಕೊಳ್ಳಿ.

ಮೊದಲು ರೊಟೇಶನ್, ಅಂದರೆ ರೋಗಿ ತಿರುಗಿ ನಿಂತಿದ್ದಾನಾ ಅನ್ನುವುದು. ಎರಡೂ ಕ್ಲಾವಿಕಲ್‌ನ ಒಳ ತುದಿಗಳು ನಡುವಿನ ಸ್ಪೈನಸ್ ಪ್ರೋಸೆಸ್‌ನಿಂದ ಸಮ ದೂರದಲ್ಲಿರಬೇಕು. ಇಲ್ಲದಿದ್ದರೆ ಟ್ರೇಕಿಯಾ ಸರಿದಂತೆ ಕಾಣುವುದು ಸುಳ್ಳಿರಬಹುದು. ಒಂದು ಕಡೆಯ ಶ್ವಾಸಕೋಶ ಸುಮ್ನೆ ಕಪ್ಪಾಗಿಯೂ ಕಾಣುತ್ತದೆ.

ಎರಡನೆಯದು ಉಸಿರು. ಚೆನ್ನಾಗಿ ಉಸಿರೆಳೆದಿದ್ದರೆ ಡಯಾಫ್ರಂ ಮೇಲೆ ಮುಂಭಾಗದ 6 ಪಕ್ಕೆಲುಬು, ಹಿಂಭಾಗದ್ದಾದರೆ 9ರಿಂದ 10 ಎಣಿಸಲು ಸಿಗುತ್ತವೆ. ಕಡಿಮೆ ಇದ್ದರೆ ಹೃದಯ ದೊಡ್ಡದಾಗಿ ಕಾಣುತ್ತದೆ, ಕೆಳಗಿನ ಭಾಗ ಮಬ್ಬಾಗಿ ನ್ಯುಮೋನಿಯಾ ಇದ್ದಂತೆ ತೋರುತ್ತದೆ. ಯಾವ ಪಕ್ಕೆಲುಬು ಮುಂದಿನದು, ಯಾವುದು ಹಿಂದಿನದು ಅಂತ ಗೊಂದಲವಾಗುತ್ತದೆ ಅಲ್ವಾ? ಬೆನ್ನಿನ ಕಡೆಯದು ಹೆಚ್ಚುಕಡಿಮೆ ಅಡ್ಡವಾಗಿ ಹೋಗುತ್ತದೆ. ಮುಂದಿನದು ಹೊರಗಿನಿಂದ ನಡುವಿನ ಕಡೆಗೆ ಇಳಿಜಾರಾಗಿ ಬರುತ್ತದೆ.

ಮೂರನೆಯದು ಪೆನಿಟ್ರೇಶನ್. ಹೃದಯದ ಹಿಂದೆ ಬೆನ್ನುಮೂಳೆ ಮಸುಕಾಗಿ ಕಾಣಬೇಕು. ಕಾಣದೇ ಇದ್ದರೆ ಫಿಲ್ಮ್ ತುಂಬಾ ಬಿಳಿ, ಆಗ ಇಲ್ಲದ ರೋಗ ಕಾಣುತ್ತದೆ. ತೀರಾ ಕಪ್ಪಾಗಿದ್ದರೆ ಇರುವ ರೋಗ ಅಳಿಸಿಹೋಗುತ್ತದೆ.

ಈ ಮೂರೂ ಸರಿಯಿದ್ದರೆ ವೈವಾದಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿ. ತಪ್ಪಿದ್ದರೆ ಮಾತ್ರ ವಿವರಿಸಿ. ಒಂದು ನಿಮಿಷ ಇದನ್ನೇ ಎಳೆದರೆ "ಮುಂದೆ ಹೇಳಪ್ಪ" ಅನ್ನುತ್ತಾರೆ, ಅಲ್ಲಿಗೆ ಅರ್ಧ ಧೈರ್ಯ ಹೋಯಿತು.

3. ದಿನ 6 ಮತ್ತು 7: ಕಣ್ಣಿನ ದಾರಿ

ಈಗ ನೋಡುವ ಕ್ರಮ. ಪುಸ್ತಕಗಳಲ್ಲಿ ಎಬಿಸಿಡಿಇ ಅಂತ ಒಂದು ಕ್ರಮ ಇದೆ: ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಶನ್, ಡಯಾಫ್ರಂ, ಉಳಿದದ್ದೆಲ್ಲ. ಅದರಲ್ಲಿ ತಪ್ಪಿಲ್ಲ. ಆದರೆ ಅದರಲ್ಲಿ ಶ್ವಾಸಕೋಶ ಎರಡನೆಯದಾಗಿ ಬರುತ್ತದೆ. ರೋಗ ಸಾಮಾನ್ಯವಾಗಿ ಇರುವುದು ಅಲ್ಲೇ, ಅದು ಸಿಕ್ಕಿದ ಮೇಲೆ ಉಳಿದದ್ದನ್ನು ಯಾರೂ ಮನಸ್ಸಿಟ್ಟು ನೋಡುವುದಿಲ್ಲ. ಹಾಗಾಗಿ ಶ್ವಾಸಕೋಶವನ್ನು ಕೊನೆಗೆ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ದಾರಿ ಹೀಗಿರಲಿ:

ಲೇಬಲ್ ಮತ್ತು ಎಡ ಬಲದ ಗುರುತು, ಫಿಲ್ಮ್‌ನ ಗುಣಮಟ್ಟ, ಟ್ರೇಕಿಯಾ, ಆಮೇಲೆ ಮೂಳೆಗಳು, ಚರ್ಮದ ಅಂಚು ಮತ್ತು ಸ್ತನದ ನೆರಳು, ಡಯಾಫ್ರಂ ಮತ್ತು ಅದರ ಎರಡು ಮೂಲೆಗಳು, ಹೃದಯ, ಹೈಲಂ, ಕೊನೆಗೆ ಶ್ವಾಸಕೋಶ.

ಶ್ವಾಸಕೋಶ ನೋಡುವಾಗ ಒಂದೇ ಕಡೆ ಮೇಲಿಂದ ಕೆಳಕ್ಕೆ ಇಳಿಯಬೇಡಿ. ಎಡ ಬಲ ಹೋಲಿಸುತ್ತಾ ಇಳಿಯಿರಿ, ಸ್ಟೆತ್ ಇಟ್ಟು ಕೇಳುವ ಹಾಗೆ. ಎರಡನೆಯ ಪಕ್ಕೆಲುಬಿನ ಮುಂದಿನ ತುದಿಯ ಮೇಲಿರುವುದು ಅಪ್ಪರ್ ಝೋನ್, ಅಲ್ಲಿಂದ ನಾಲ್ಕನೆಯದರ ತನಕ ಮಿಡ್, ಕೆಳಗೆ ಲೋವರ್. ಬಾಯಲ್ಲಿ ಯಾವಾಗಲೂ ಝೋನ್ ಅನ್ನಿ, ಲೋಬ್ ಅನ್ನಬೇಡಿ. ಲೋಬ್‌ಗಳು ಒಂದರ ಹಿಂದೆ ಒಂದು ಇರುತ್ತವೆ. ಲೋವರ್ ಲೋಬ್‌ನ ತುದಿ ಮಿಡ್ ಝೋನ್ ದಾಟಿ ಮೇಲೆ ಹೋಗಿರುತ್ತದೆ. "ಲೋಬ್ ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳಿದರೆ ಉತ್ತರ ಕೈಯಲ್ಲಿರಬೇಕು. ಹೃದಯದ ಬಲ ಅಂಚು ಅಳಿಸಿಹೋಗಿದ್ದರೆ ಮಿಡಲ್ ಲೋಬ್, ಎಡ ಅಂಚು ಹೋಗಿದ್ದರೆ ಲಿಂಗುಲಾ, ಡಯಾಫ್ರಂನ ಗೆರೆ ಹೋಗಿದ್ದರೆ ಲೋವರ್ ಲೋಬ್. ಪಕ್ಕಪಕ್ಕದಲ್ಲಿ ಅಂಟಿಕೊಂಡಿರುವ ಎರಡೂ ಬಿಳಿಯಾದಾಗ ನಡುವಿನ ಗೆರೆ ಮಾಯವಾಗುತ್ತದೆ, ಅಷ್ಟೇ. ಇದೇ ಸಿಲೂಯೆಟ್ ಸೈನ್.

ಈ ಎರಡು ದಿನ ಮೊಬೈಲ್‌ನಲ್ಲಿ ಟೈಮರ್ ಹಾಕಿ. ಇಡೀ ದಾರಿ ಬಾಯಿ ಮುಚ್ಚಿಕೊಂಡು 30 ಸೆಕೆಂಡ್‌ನಲ್ಲಿ ಮುಗಿಯಬೇಕು. ಮೊದಲ ದಿನ ಎರಡು ನಿಮಿಷ ಹಿಡಿಯುತ್ತದೆ, ಪರವಾಗಿಲ್ಲ. ಹೆಬ್ಬೆರಳಿನಿಂದ ತೋರಿಸುತ್ತಾ ಹೋಗಿ, ಯಾವುದನ್ನು ಹಾರಿಸಿದಿರಿ ಅಂತ ಗೆಳೆಯ ಬರೆದುಕೊಳ್ಳಲಿ. ಹೆಚ್ಚಿನವರು ಹಾರಿಸುವುದು ಮೂಳೆ ಮತ್ತು ಸ್ತನದ ನೆರಳು.

4. ದಿನ 8ರಿಂದ 10: ಒಂದರಂತೆ ಒಂದು ಕಾಣುವ ಜೋಡಿಗಳು

ರೋಗಗಳನ್ನು ಒಂದೊಂದಾಗಿ ಓದಬೇಡಿ. ಜೋಡಿಯಾಗಿ ಪಕ್ಕಪಕ್ಕ ಇಟ್ಟು ನೋಡಿ. ಮೂರು ಜೋಡಿ ಸಾಕು.

ಒಂದು ಕಡೆ ಪೂರ್ತಿ ಬಿಳಿ. ಇಲ್ಲಿ ಟ್ರೇಕಿಯಾ ಹೇಳಿದ್ದೇ ತೀರ್ಪು. ಎಫ್ಯೂಷನ್, ಅಂದರೆ ಶ್ವಾಸಕೋಶದ ಹೊರಗಿನ ಪದರಗಳ ನಡುವೆ ನೀರು ತುಂಬಿರುವುದು, ಟ್ರೇಕಿಯಾವನ್ನು ಆಚೆ ಕಡೆಗೆ ತಳ್ಳುತ್ತದೆ. ಕೊಲ್ಯಾಪ್ಸ್, ಅಂದರೆ ಗಾಳಿ ಹೋಗಿ ಮುದುಡಿದ ಶ್ವಾಸಕೋಶ, ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕನ್ಸಾಲಿಡೇಶನ್‌ನಲ್ಲಿ ಗಾಳಿ ಇರಬೇಕಾದ ಜಾಗದಲ್ಲಿ ದ್ರವ, ಕೀವು ತುಂಬಿರುತ್ತದೆ, ಗಾತ್ರ ಅಷ್ಟೇನೂ ಬದಲಾಗುವುದಿಲ್ಲ. ಟ್ರೇಕಿಯಾ ಅಲ್ಲೇ ಇರುತ್ತದೆ, ಬಿಳಿಯ ನಡುವೆ ಕಪ್ಪು ಕೊಳವೆಗಳ ಹಾಗೆ ಏರ್ ಬ್ರಾಂಕೋಗ್ರಾಂ ಕಾಣಬಹುದು. ಪೂರ್ತಿ ಬಿಳಿ ಇದ್ದೂ ಟ್ರೇಕಿಯಾ ನಡುವೆಯೇ ಇದ್ದರೆ ಎಚ್ಚರ. ನೀರು ತಳ್ಳುತ್ತಿದೆ, ಒಳಗೆ ಮುದುಡಿದ ಶ್ವಾಸಕೋಶ ಎಳೆಯುತ್ತಿದೆ, ಎರಡೂ ಸರಿಸಮ ಆಗಿರಬಹುದು. ಬ್ರಾಂಕಸ್‌ನಲ್ಲಿ ಗಡ್ಡೆ ಇದ್ದರೆ ಹೀಗಾಗುತ್ತದೆ.

ಒಂದು ಕಡೆ ಕಪ್ಪು. ನ್ಯುಮೋಥೊರಾಕ್ಸ್‌ಗೆ ಕಪ್ಪು ಬಣ್ಣ ಸಾಲದು. ಶ್ವಾಸಕೋಶದ ಅಂಚಿನ ತೆಳು ಬಿಳಿ ಗೆರೆ ಸಿಗಬೇಕು, ಅದರಾಚೆ ರಕ್ತನಾಳದ ಗೆರೆಗಳು ಇರಬಾರದು. ಸ್ಕ್ಯಾಪುಲಾದ ಒಳ ಅಂಚನ್ನು ಈ ಗೆರೆ ಅಂದುಕೊಳ್ಳುವುದು ಮಾಮೂಲಿ ತಪ್ಪು. ಗೆರೆಯನ್ನು ಬೆರಳಲ್ಲಿ ಹಿಂಬಾಲಿಸಿ, ಎದೆಗೂಡಿನ ಹೊರಗೆ ಹೋದರೆ ಅದು ಮೂಳೆ ಅಥವಾ ಚರ್ಮದ ಮಡಿಕೆ. ದೊಡ್ಡ ಬುಲ್ಲಾ, ಅಂದರೆ ಶ್ವಾಸಕೋಶದೊಳಗಿನ ಗಾಳಿಗುಳ್ಳೆ, ಇನ್ನೊಂದು ಮೋಸ. ಅದರ ಗೋಡೆ ಗುಳ್ಳೆಯ ಆಕಾರದಲ್ಲಿ ಬಾಗಿರುತ್ತದೆ, ಎದೆಗೋಡೆಗೆ ಸಮಾನಾಂತರವಾಗಿ ಹೋಗುವುದಿಲ್ಲ. ಗೊತ್ತಿಲ್ಲದೆ ಅದಕ್ಕೆ ಟ್ಯೂಬ್ ಹಾಕಿದರೆ ಅನಾಹುತ.

ನೀರಿನ ಮಟ್ಟ. ಎಫ್ಯೂಷನ್‌ನ ಮೇಲಂಚು ಹೊರಗೆ ಎತ್ತರ, ಒಳಗೆ ತಗ್ಗು, ಬಾಗಿದ ಗೆರೆ. ಸ್ಕೇಲ್ ಇಟ್ಟು ಎಳೆದಂತೆ ಅಡ್ಡ ಗೆರೆ ಕಂಡರೆ ಅಲ್ಲಿ ಗಾಳಿಯೂ ಇದೆ ಅಂತ ಅರ್ಥ. ಆ ಗೆರೆ ಎದೆಗೋಡೆಯ ತನಕ ಉದ್ದಕ್ಕೂ ಹೋದರೆ ಹೈಡ್ರೋನ್ಯುಮೋಥೊರಾಕ್ಸ್. ಸುತ್ತ ದಪ್ಪ ಗೋಡೆ ಇರುವ ಗುಂಡನೆಯ ಗೂಡಿನೊಳಗೆ ಮಾತ್ರ ಇದ್ದರೆ ಆಬ್ಸೆಸ್. ರೋಗಿ ನಿಂತು ಅಥವಾ ಕೂತು ತೆಗೆದ ಫಿಲ್ಮ್ ಆದರೆ ಮಾತ್ರ ಈ ಮಾತು. ಮಲಗಿಸಿ ತೆಗೆದರೆ ನೀರು ಹಿಂದೆ ಹರಡಿ ಇಡೀ ಕಡೆ ಮಬ್ಬಾಗುತ್ತದೆ. ಇನ್ನೊಂದು ಮಾತು, ಪಿಎ ಫಿಲ್ಮ್‌ನಲ್ಲಿ ಮೂಲೆ ಮೊಂಡಾಗಿ ಕಾಣಬೇಕಾದರೆ ಸುಮಾರು 200 ಮಿಲಿ ನೀರಾದರೂ ಬೇಕು. ಮೂಲೆ ಚೂಪಾಗಿದೆ ಅಂದ ಮಾತ್ರಕ್ಕೆ ನೀರೇ ಇಲ್ಲ ಅನ್ನುವ ಹಾಗಿಲ್ಲ.

5. ದಿನ 11: ಅಡಗುತಾಣಗಳು

ಒಂದು ದಿನ ಪೂರ್ತಿ ನಾಲ್ಕು ಜಾಗಕ್ಕೆ ಕೊಡಿ. ಕ್ಲಾವಿಕಲ್ ಮತ್ತು ಮೊದಲ ಪಕ್ಕೆಲುಬಿನ ಹಿಂದಿನ ತುದಿಭಾಗ, ನಮ್ಮಲ್ಲಿ ಟಿಬಿ ಕೂತಿರುವುದು ಅಲ್ಲೇ ಜಾಸ್ತಿ. ಹೈಲಂ. ಹೃದಯದ ಹಿಂಭಾಗ. ಡಯಾಫ್ರಂನ ಕೆಳಗೆ.

ಹೃದಯದ ಹಿಂದೆ ಎಡ ಲೋವರ್ ಲೋಬ್ ಮುದುಡಿದ್ದರೆ ಹಾಯಿಯ ಆಕಾರದ ಬಿಳಿ ತ್ರಿಕೋನ ಕಾಣುತ್ತದೆ, ಹೃದಯಕ್ಕೆ ಎರಡು ಎಡ ಅಂಚು ಇದ್ದಂತೆ. ಡಯಾಫ್ರಂನ ಕೆಳಗೆ ಬಲಗಡೆ ಲಿವರ್ ಮೇಲೆ ಕಪ್ಪು ಕುಡುಗೋಲಿನಂಥ ಗೆರೆ ಇದ್ದರೆ ಕರುಳು ತೂತಾಗಿ ಬಂದ ಗಾಳಿ. ಎಡಗಡೆಯ ಕಪ್ಪು ಹೊಟ್ಟೆಯ ಗಾಳಿಯೂ ಇರಬಹುದು, ಹಾಗಾಗಿ ಬಲಗಡೆ ಹುಡುಕಿ. ಬಲಗಡೆಯ ಕಪ್ಪಿನೊಳಗೆ ಅಡ್ಡ ಮಡಿಕೆಗಳು ಕಂಡರೆ ಲಿವರ್ ಮೇಲೆ ದೊಡ್ಡ ಕರುಳು ಬಂದು ಕೂತಿದೆ, ಅದಕ್ಕೆ ಆಪರೇಷನ್ ಬೇಡ.

6. ದಿನ 12ರಿಂದ 14: ಬಾಯಿಯ ಕ್ರಮ

ಈಗ ಹೇಳುವುದು. 30 ಸೆಕೆಂಡ್ ಸುಮ್ಮನೆ ನೋಡಿ. ಆ ಮೌನಕ್ಕೆ ಹೆದರಬೇಡಿ, "ಸರ್, ನೋಡಿ ಹೇಳ್ತೀನಿ" ಅಂದರೆ ಯಾರೂ ಬೈಯುವುದಿಲ್ಲ. ಆಮೇಲೆ ಹೇಳುವಾಗ ಕಣ್ಣಿನ ದಾರಿಯನ್ನೆಲ್ಲ ಒಪ್ಪಿಸಬೇಡಿ. ಫಿಲ್ಮ್ ಯಾವುದು, ಗುಣಮಟ್ಟ ಹೇಗಿದೆ, ಮುಖ್ಯವಾಗಿ ಕಂಡದ್ದು ಏನು, ಟ್ರೇಕಿಯಾ ಎಲ್ಲಿದೆ, ಜೊತೆಗೆ ಬೇರೆ ಏನಿದೆ, ಕೊನೆಗೆ ಏನಿರಬಹುದು. ರೋಗದ ಹೆಸರು ಕೊನೆಗೆ.

ಒಂದು ಫಿಲ್ಮ್ ತೆಗೆದುಕೊಂಡು ನೋಡೋಣ. ಇಂಟರ್ನಲ್ಸ್‌ನಲ್ಲಿ ನಾನೇ ಎಡವಿದ ಫಿಲ್ಮ್ ಇದು. 52 ವರ್ಷದ ಹೆಂಗಸು, ಪಿಎ. ಬಲಗಡೆ ಕೆಳಗೆ ದಟ್ಟ ಬಿಳಿ, ಮೇಲಂಚು ಬಾಗಿದೆ, ಮೂಲೆ ಕಾಣುತ್ತಿಲ್ಲ. ಎರಡೇ ಸೆಕೆಂಡ್‌ನಲ್ಲಿ "ರೈಟ್ ಪ್ಲೂರಲ್ ಎಫ್ಯೂಷನ್" ಅಂದೆ. ಕಾರಣ ಕೇಳಿದರು, ಟಿಬಿ ಅಂದೆ. ಮೇಡಂ ಫಿಲ್ಮ್ ಕಡೆ ತಿರುಗಿ "ಇನ್ನೊಂದು ಸಲ ನೋಡಪ್ಪ" ಅಂದರು. ನಾನು ನೋಡಿದ್ದು ಮತ್ತೆ ಆ ಬಿಳಿಯನ್ನೇ.

ದಾರಿ ಹಿಡಿದು ಹೋಗಿದ್ದರೆ ಹೀಗಾಗುತ್ತಿತ್ತು. ಲೇಬಲ್: ಹೆಂಗಸು. ಕ್ಲಾವಿಕಲ್ ಸಮ ದೂರ, ಹಾಗಾಗಿ ರೊಟೇಶನ್ ಇಲ್ಲ. ಟ್ರೇಕಿಯಾ ಸ್ವಲ್ಪ ಎಡಕ್ಕೆ, ಅದು ನಿಜವಾದ ತಳ್ಳಾಟ. ಪಕ್ಕೆಲುಬು ಸರಿ. ಚರ್ಮದ ಅಂಚು ಮತ್ತು ಸ್ತನ: ಎಡಗಡೆ ಸ್ತನದ ಕೆಳ ಅಂಚು ಡಯಾಫ್ರಂ ಹತ್ತಿರ ಬಿಲ್ಲಿನ ಹಾಗೆ ದಾಟಿ ಹೋಗಿದೆ. ಬಲಗಡೆ ಆ ಬಿಲ್ಲು ಇಲ್ಲ, ಎದೆಯ ಹೊರ ಅಂಚು ಕಂಕುಳಿಂದ ಚಪ್ಪಟೆಯಾಗಿ ಇಳಿದಿದೆ. ಅಂದರೆ ಬಲ ಸ್ತನ ತೆಗೆದಿದ್ದಾರೆ.

ಅದೊಂದು ಕಂಡರೆ ಉತ್ತರ ಪೂರ್ತಿ ತಿರುಗುತ್ತದೆ. ಸ್ತನ ಕ್ಯಾನ್ಸರ್ ಪ್ಲೂರಾಗೆ ಹರಡಿ ನೀರು ತುಂಬಿರುವುದು ಮೊದಲ ಕಾರಣ, ಟಿಬಿ ಅದರ ನಂತರ. ಮುಂದಿನ ಪ್ರಶ್ನೆಯ ಉತ್ತರವೂ ಬದಲಾಗುತ್ತದೆ. ನೀರು ತೆಗೆದು ಪ್ರೋಟೀನ್, ಎಲ್‌ಡಿಎಚ್, ಎಡಿಎ ಜೊತೆಗೆ ಕ್ಯಾನ್ಸರ್ ಕೋಶ ಹುಡುಕಲು ಸೈಟಾಲಜಿಗೆ ಕಳಿಸಬೇಕು ಅಂತ ಅಲ್ಲೇ ಹೇಳಬಹುದಿತ್ತು. ಕ್ಯಾನ್ಸರ್ ಬೇರೆಡೆಗೂ ಹರಡಿದೆಯಾ ಅಂತ ಪಕ್ಕೆಲುಬುಗಳನ್ನು ಮತ್ತೊಮ್ಮೆ ನೋಡುತ್ತಿದ್ದೆ.

ಸ್ತನ ತೆಗೆದ ಫಿಲ್ಮ್‌ನಲ್ಲಿ ಎಫ್ಯೂಷನ್ ಇಲ್ಲದಿದ್ದರೆ ಇನ್ನೊಂದು ಗುಂಡಿ ಇದೆ. ಆ ಕಡೆ ಅಡ್ಡಿಗೆ ಸ್ತನ ಇಲ್ಲದ ಕಾರಣ ಶ್ವಾಸಕೋಶ ಹೆಚ್ಚು ಕಪ್ಪಾಗಿ ಕಾಣುತ್ತದೆ, ನ್ಯುಮೋಥೊರಾಕ್ಸ್ ಅಂತ ಹೇಳಿ ಸಿಕ್ಕಿಬೀಳುತ್ತಾರೆ. ರಕ್ತನಾಳದ ಗೆರೆಗಳು ಅಂಚಿನ ತನಕ ಇವೆಯಾ ನೋಡಿದರೆ ಗೊತ್ತಾಗುತ್ತದೆ.

ಈ ಮೂರು ದಿನ ಗೆಳೆಯ ದಿನಕ್ಕೆ 8 ಫಿಲ್ಮ್ ಇಡಲಿ. ಅದರಲ್ಲಿ ಎರಡು ನಾರ್ಮಲ್ ಇರಲಿ, ಯಾವುದು ಅಂತ ನಿಮಗೆ ಹೇಳದೆ. ಪರೀಕ್ಷೆಯಲ್ಲೂ ನಾರ್ಮಲ್ ಇಡುವುದುಂಟು. ಏನೂ ಸಿಗಲಿಲ್ಲ ಅಂತ ಗಾಬರಿಯಾಗಿ ಹೈಲಂ ದೊಡ್ಡದು ಅಂತ ಕಥೆ ಕಟ್ಟಬೇಡಿ. ದಾರಿ ಪೂರ್ತಿ ನಡೆದು, ನಾಲ್ಕು ಅಡಗುತಾಣ ನೋಡಿ, ಆಮೇಲೂ ಏನೂ ಕಾಣದಿದ್ದರೆ ಹೇಳಬೇಕಾದದ್ದು ಇಷ್ಟೇ: "ಸರ್, ಏಪಿಸಸ್, ಹೈಲಾ, ಹೃದಯದ ಹಿಂದೆ, ಡಯಾಫ್ರಂ ಕೆಳಗೆ ನೋಡಿದೆ. ಈ ಫಿಲ್ಮ್‌ನಲ್ಲಿ ನನಗೆ ಅಬ್ನಾರ್ಮಲ್ ಏನೂ ಕಾಣ್ತಿಲ್ಲ."